ಸುರಂಗ ಬತ್ತುವುದು ಯಾಕೆ? ಎಣ್ಮಕಜೆ, ಪೈವಳಿಕೆ ಗುಡ್ಡಗಳ ನೀರಿನ ಲೆಕ್ಕ

ಸ್ಲೈಡ್ 1: ಅರ್ಜಿ

ಎಂ.ಎಸ್ಸಿ. ಭೂವಿಜ್ಞಾನ, ಸಂಶೋಧನಾ ಸ್ಕಾಲರ್‌ಶಿಪ್
ಜಾಗ: ಎಣ್ಮಕಜೆ ಮತ್ತು ಪೈವಳಿಕೆ ಪಂಚಾಯತ್, ಮಂಜೇಶ್ವರ ತಾಲೂಕು, ಕಾಸರಗೋಡು
ಅವಧಿ: 2 ವರ್ಷ

ಸ್ಲೈಡ್ 2: ಸುರಂಗ ಅಂದರೆ

ಗುಡ್ಡದ ಬದಿಯಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದುಕೊಂಡು ಹೋದ ಬಿಲ. ಒಬ್ಬ ಮನುಷ್ಯ ನಿಂತು ಪಿಕ್ಕಾಸು ಬೀಸುವಷ್ಟೇ ಅಗಲ. ಒಳಗೆ ಹೋಗುವಾಗ ದೀಪ ಹಿಡಿದಿರುತ್ತಾರೆ, ಅದು ನಂದಿತೆಂದರೆ ಗಾಳಿ ಸಾಲದು, ಹಿಂದಕ್ಕೆ ಬರಬೇಕು. ನೀರು ಸಿಕ್ಕಿದ ಮೇಲೆ ಪಂಪು ಬೇಡ, ಕರೆಂಟು ಬೇಡ. ಇಳಿಜಾರಿನಲ್ಲಿ ತಾನಾಗಿ ಹರಿದು ಮದಕಕ್ಕೆ ಬಂದು ಬೀಳುತ್ತದೆ, ಅಲ್ಲಿಂದ ಅಡಿಕೆ ತೋಟಕ್ಕೆ. ಹಿಂದೆ ಅಡಿಕೆ ಮರದ ದಂಬೆ ಇಟ್ಟು ನೀರು ತರುತ್ತಿದ್ದರು, ಈಗ ಪಿವಿಸಿ ಪೈಪು.

ಸ್ಲೈಡ್ 3: ತೊಂದರೆ ಎಲ್ಲಿ

ಇಲ್ಲಿ ವರ್ಷಕ್ಕೆ ಸುಮಾರು 3,500 ಮಿ.ಮೀ. ಮಳೆ. ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಏಪ್ರಿಲ್ ಹೊತ್ತಿಗೆ ಕೆಲವು ಸುರಂಗ ಬತ್ತುತ್ತವೆ, ಪಕ್ಕದ್ದೇ ಇನ್ನೊಂದು ಸಣ್ಣಗೆ ಹರಿಯುತ್ತಲೇ ಇರುತ್ತದೆ.

ಯಾರನ್ನು ಕೇಳಿದರೂ ಒಂದೇ ಉತ್ತರ: "ಬೋರ್‌ವೆಲ್ ಬಂತಲ್ಲ ಮಾರಾಯ್ರೇ." ಇರಬಹುದು. ಆದರೆ ಅದು ಅಷ್ಟು ಸುಲಭವಲ್ಲ. ಸುರಂಗದ ನೀರು ಮೇಲಿನ ಮುರಕಲ್ಲಿನದ್ದು, ಅದನ್ನು ಕೆಳಗಿನ ಶೇಡಿ ಮಣ್ಣು ತಡೆದು ನಿಲ್ಲಿಸುತ್ತದೆ. ಬೋರ್‌ವೆಲ್ ಎಳೆಯುವುದು ಅದಕ್ಕೂ ಕೆಳಗಿನ ಗಟ್ಟಿ ಬಂಡೆಯ ಬಿರುಕಿನಿಂದ. ಕೇಸಿಂಗ್ ಸರಿಯಾಗಿ ಬಂಡೆಗೆ ಕೂತಿದ್ದರೆ ಮೇಲಿನ ನೀರು ಸುಮ್ನೆ ಇಳಿಯುವುದಿಲ್ಲ, ಸಡಿಲವಿದ್ದರೆ ಇಳಿಯುತ್ತದೆ. ಇನ್ನೊಂದು ಕಡೆ, ಗುಡ್ಡದ ತಲೆಯ ಮೇಲೆ ಕೆಂಪುಕಲ್ಲಿನ ಕೋರೆ. ಅಲ್ಲಿ ತೆಗೆಯುವುದು ನೀರು ಹಿಡಿದಿಡುವ ಆ ಮುರಕಲ್ಲನ್ನೇ! ಅದರ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ. ಮೂರನೆಯದು, ಹೂಳು ತೆಗೆಯದೆ ಬಿಟ್ಟು ಒಳಗೇ ಕುಸಿದ ಸುರಂಗಗಳು. ಅವು ಬತ್ತಿದ್ದಲ್ಲ, ಮುಚ್ಚಿಹೋದದ್ದು.

ಸ್ಲೈಡ್ 4: ಗುರಿ

ಬೋರ್‌ವೆಲ್, ಕೋರೆ, ಆರೈಕೆ ಇಲ್ಲದಿರುವುದು: ಈ ಮೂರರಲ್ಲಿ ಬೇಸಿಗೆಯ ಹರಿವನ್ನು ಯಾವುದು ಹೆಚ್ಚು ಇಳಿಸುತ್ತದೆ ಅಂತ ಅಳತೆ ಮಾಡಿ ಹೇಳುವುದು. ಜೊತೆಗೆ ಎರಡು ಪಂಚಾಯತಿನ ಸುರಂಗಗಳ ನಕ್ಷೆ. ಹೊಸ ಸುರಂಗ ಎಲ್ಲಿ ಕೊರೆಯಬೇಕು ಅನ್ನುವುದು ಈ ಪ್ರಸ್ತಾವದಲ್ಲಿ ಇಲ್ಲ.

ಸ್ಲೈಡ್ 5: ವಿಧಾನ

40 ಸುರಂಗ ಆರಿಸುತ್ತೇನೆ. ಹತ್ತಿರ ಬೋರ್‌ವೆಲ್ ಇರುವವು, ಮೇಲೆ ಕೋರೆ ಇರುವವು, ಎರಡೂ ಇಲ್ಲದವು.

ಡಿಸೆಂಬರ್‌ನಿಂದ ಮೇ ತನಕ 15 ದಿನಕ್ಕೊಮ್ಮೆ ಅಳತೆ. 10 ಲೀಟರ್ ಬಕೆಟ್, ಸ್ಟಾಪ್‌ವಾಚ್, ಮೂರು ಸಲ ಹಿಡಿದು ಸರಾಸರಿ. ಇಷ್ಟು ಸಣ್ಣ ಹರಿವಿಗೆ ದುಬಾರಿ ಮೀಟರಿಗಿಂತ ಬಕೆಟ್ಟೇ ನಂಬಿಕೆಯದ್ದು. ಆಮೇಲೆ ಹರಿವು ಎಷ್ಟು ಬೇಗ ಇಳಿಯುತ್ತದೆ ಅನ್ನುವುದಕ್ಕೆ:

```
Q(t) = Q0 * exp(-k*t)
```

`Q0` ಶುರುವಿನ ಹರಿವು, `Q(t)` ಅಂದರೆ `t` ಸಮಯ ಕಳೆದ ಮೇಲಿನ ಹರಿವು. `k` ದೊಡ್ಡದಾದಷ್ಟೂ ಸುರಂಗ ಬೇಗ ಬತ್ತುತ್ತದೆ. ಬೇಸಿಗೆ ಮಳೆ ಬಿದ್ದ ಕೂಡಲೇ ತೆಗೆದ ಅಳತೆಯನ್ನು ಈ ಲೆಕ್ಕಕ್ಕೆ ಸೇರಿಸುವುದಿಲ್ಲ.

ಸುರಂಗ ಮತ್ತು ಬೋರ್‌ವೆಲ್ ಎರಡರ ನೀರಿನದ್ದೂ ಪಿಎಚ್, ವಿದ್ಯುತ್ ವಾಹಕತೆ ನೋಡುತ್ತೇನೆ. ಬಂಡೆಯಲ್ಲಿ ತುಂಬ ಕಾಲ ನಿಂತ ನೀರಿನಲ್ಲಿ ಲವಣ ಜಾಸ್ತಿ, ಮುರಕಲ್ಲಿನ ನೀರಿನಲ್ಲಿ ಕಡಿಮೆ. ಬೋರ್‌ವೆಲ್ ನೀರು ಸುರಂಗದ ನೀರಿನ ಹಾಗೇ ಇದ್ದರೆ ಮೇಲಿನದು ಕೆಳಗಿಳಿಯುತ್ತಿದೆ ಅನ್ನುವ ಸಂಶಯಕ್ಕೆ ಬಲ ಬರುತ್ತದೆ. ಪ್ರತಿ ಸುರಂಗದ ಸುತ್ತ 300 ಮೀಟರ್ ಒಳಗಿನ ಬೋರ್‌ವೆಲ್, ಕೋರೆಗಳನ್ನು QGIS ನಕ್ಷೆಯಲ್ಲಿ ಗುರುತಿಸುತ್ತೇನೆ.

ಸುರಂಗ ಕೊರೆದ ಹಿರಿಯರ ಜೊತೆ ಮಾತುಕತೆ ತುಳು, ಕನ್ನಡ, ಮಲಯಾಳದಲ್ಲಿ. ಅವರು ಆಳವನ್ನು ಕೋಲಿನ ಲೆಕ್ಕದಲ್ಲಿ ಹೇಳುತ್ತಾರೆ, ಅದನ್ನು ಟೇಪು ಹಿಡಿದು ಮೀಟರಿಗೆ ತರಬೇಕು. ತೋಟದವರ ಒಪ್ಪಿಗೆ ಇಲ್ಲದೆ ಯಾವ ಜಾಗವೂ ನಕ್ಷೆಗೆ ಬರುವುದಿಲ್ಲ.

ಸ್ಲೈಡ್ 6: ಅಪಾಯ

ಕುಸಿತ. ಮಳೆಗಾಲದಲ್ಲಿ ಯಾವ ಸುರಂಗಕ್ಕೂ ಇಳಿಯುವುದಿಲ್ಲ. ಉಳಿದ ಸಮಯದಲ್ಲೂ ಅನುಭವಸ್ಥರು ಮುಂದೆ, ನಾನು ಹಿಂದೆ. ಅವರು ಬೇಡ ಅಂದರೆ ಬೇಡ.

ಸ್ಲೈಡ್ 7: ಕಾಲಪಟ್ಟಿ

ಆಗಸ್ಟ್–ನವೆಂಬರ್: ಸುರಂಗಗಳ ಪಟ್ಟಿ, ಒಪ್ಪಿಗೆ, ಆಯ್ಕೆ
ಡಿಸೆಂಬರ್–ಮೇ: ಮೊದಲ ಬೇಸಿಗೆಯ ಅಳತೆ
ಜೂನ್–ನವೆಂಬರ್: ನಕ್ಷೆ, ಮಾತುಕತೆ, ಮೊದಲ ಲೆಕ್ಕ
ಡಿಸೆಂಬರ್–ಮೇ: ಎರಡನೇ ಬೇಸಿಗೆ, ಅವೇ ಸುರಂಗಗಳು
ಜೂನ್–ಜುಲೈ: ಪ್ರಬಂಧ, ಎರಡು ಪಂಚಾಯತಿಗೂ ಕನ್ನಡ, ಮಲಯಾಳ ವರದಿ

ಎರಡು ಬೇಸಿಗೆ ಬೇಕೇ ಬೇಕು, ಒಂದೇ ವರ್ಷದ ಮಳೆ ನಂಬಿ ಏನೂ ಹೇಳಲಾಗದು.

ಸ್ಲೈಡ್ 8: ಖರ್ಚು

ಪಿಎಚ್, ವಾಹಕತೆ ಮೀಟರ್: ರೂ. 12,000
ಪೆಟ್ರೋಲು: ರೂ. 36,000
ಸುರಂಗ ಕೆಲಸದವರ ಕೂಲಿ, 30 ದಿನ: ರೂ. 36,000
ಟೇಪು, ಹೆಲ್ಮೆಟ್, ದೀಪ, ಮುದ್ರಣ: ರೂ. 6,000
ಒಟ್ಟು: ರೂ. 90,000

ದುಡ್ಡು ಕಡಿತ ಮಾಡಲೇಬೇಕಾದರೆ ಪೆಟ್ರೋಲಿನಲ್ಲಿ ಮಾಡಿ, ನಾನು ಬಸ್ಸಿಗೆ ಹೋಗುತ್ತೇನೆ. ಕೂಲಿ ಮುಟ್ಟಬೇಡಿ. ಮೊದಲ ಕಂತು ನವೆಂಬರ್ ಒಳಗೆ ಬಂದರೆ ಸಾಕು, ಡಿಸೆಂಬರ್ ತಪ್ಪಿದರೆ ಹರಿವು ಇಳಿಯಲು ಶುರುವಾಗುವ ವಾರಗಳೇ ಕೈಬಿಟ್ಟುಹೋಗುತ್ತವೆ.