ವಾಪಸು ಬಂದ ಸರಕಿನ ಅನುಮತಿ, ತಪಾಸಣೆ ಮತ್ತು ವಿಲೇವಾರಿ: ಹುಬ್ಬಳ್ಳಿ ಗೋದಾಮಿನ ಕಾರ್ಯವಿಧಾನ

ಜಾರಿಗೆ ಬರುವ ದಿನ: 1 ಜುಲೈ 2025
ಅನ್ವಯ: ಮಿಕ್ಸರ್, ಟೇಬಲ್‌ಟಾಪ್ ಗ್ರೈಂಡರ್, ಇಂಡಕ್ಷನ್ ಒಲೆ ಮತ್ತು ವಿದ್ಯುತ್ ಕೆಟಲ್‌ಗಳು
ಪಾಲಿಸಬೇಕಾದವರು: ಗೇಟ್, ಗೋದಾಮು, ತಪಾಸಣೆ, ಖರೀದಿ, ಮಾರಾಟ ಮತ್ತು ಲೆಕ್ಕಪತ್ರ ವಿಭಾಗಗಳು

1. ಈ ಕಾರ್ಯವಿಧಾನ ಏಕೆ

ಧಾರವಾಡ, ಗದಗ, ಹಾವೇರಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಅಂಗಡಿಗಳಿಂದ ವಾಪಸು ಬರುವ ಸರಕಿನ ಗತಿಯನ್ನು ಇದುವರೆಗೆ ಅದು ಗೇಟಿಗೆ ಬರುವ ಮೊದಲೇ ಫೋನಿನಲ್ಲಿ ತೀರ್ಮಾನಿಸಲಾಗುತ್ತಿತ್ತು. ಹಳೆಯ ಡೀಲರ್ ಕೇಳಿದರೆ ಕ್ರೆಡಿಟ್ ನೋಟ್ ಕೂಡಲೇ ಹೊರಡುತ್ತಿತ್ತು, ಸರಕು ಮಾತ್ರ ಮೂಲೆಯಲ್ಲಿ ತಿಂಗಳುಗಟ್ಟಲೆ ಕೂರುತ್ತಿತ್ತು. ಇನ್ನು ಮುಂದೆ ವಾಪಸಾತಿಗೆ ಅನುಮತಿ ಕೊಡುವುದು ಒಂದು ನಿರ್ಧಾರ, ಹಣ ಕೊಡುವುದು ಇನ್ನೊಂದು ನಿರ್ಧಾರ. ಇವೆರಡರ ನಡುವೆ ತಪಾಸಣೆ ನಡೆದಿರಲೇಬೇಕು. ಸರಕು ಸ್ಟಾಕಿಗೆ ಮರಳುತ್ತದೆಯೇ, ರಿಪೇರಿಗೆ ಹೋಗುತ್ತದೆಯೇ, ಸರಬರಾಜುದಾರರ ಮೇಲೆ ಕ್ಲೇಮು ಆಗುತ್ತದೆಯೇ ಅಥವಾ ಲೆಕ್ಕದಿಂದ ಕೈಬಿಡಲಾಗುತ್ತದೆಯೇ ಎಂಬುದನ್ನು ತಪಾಸಣೆಯ ಮೇಜಿನ ಮೇಲೆ ಕಂಡದ್ದು ಮಾತ್ರ ನಿರ್ಧರಿಸುತ್ತದೆ. ಯಾರು ಕಳಿಸಿದರು, ಎಷ್ಟು ಬಾರಿ ಫೋನ್ ಮಾಡಿದರು ಎಂಬುದಕ್ಕೆ ಅದರಲ್ಲಿ ಪಾತ್ರವಿಲ್ಲ.

2. ಅನುಮತಿ

ಡೀಲರ್ ತಮ್ಮ ಕೋರಿಕೆಯಲ್ಲಿ ನಮ್ಮ ಬಿಲ್ಲಿನ ಸಂಖ್ಯೆ, ಪ್ರತಿ ಯಂತ್ರದ ಸೀರಿಯಲ್ ನಂಬರ್, ತೊಂದರೆಯ ವಿವರ ಮತ್ತು ಕನಿಷ್ಠ ಎರಡು ಫೋಟೋ ಕೊಡಬೇಕು. ಒಂದು ಫೋಟೋದಲ್ಲಿ ತಳದ ರೇಟಿಂಗ್ ಪ್ಲೇಟ್ ಓದಲು ಬರುವಂತಿರಬೇಕು. «ಓಡುತ್ತಿಲ್ಲ» ಎಂಬ ಒಂದೇ ಮಾತು ವಿವರವಾಗುವುದಿಲ್ಲವಾದ್ದರಿಂದ, ಸ್ವಿಚ್ ಹಾಕಿದಾಗ ಏನಾಗುತ್ತದೆ, ಸದ್ದು ಅಥವಾ ವಾಸನೆ ಬರುತ್ತದೆಯೇ, ಗ್ರಾಹಕರು ಎಷ್ಟು ದಿನ ಬಳಸಿದ್ದರು ಎಂಬುದನ್ನು ಮಾರಾಟ ವಿಭಾಗದವರು ಕೇಳಿ ಬರೆದುಕೊಳ್ಳಬೇಕು. ಒಂದು ಕೆಲಸದ ದಿನದೊಳಗೆ `RMA-HBL-0417` ಮಾದರಿಯ ಸಂಖ್ಯೆಯನ್ನು ಕೊಡಬೇಕು ಅಥವಾ ಕಾರಣ ಬರೆದು ನಿರಾಕರಿಸಬೇಕು. ಈ ಸಂಖ್ಯೆ 15 ದಿನ ಊರ್ಜಿತವಾಗಿರುತ್ತದೆ. ಅನುಮತಿ ಪತ್ರದಲ್ಲಿ «ಇದು ಸರಕನ್ನು ಪರೀಕ್ಷೆಗೆ ಕಳಿಸಲು ಮಾತ್ರ ಒಪ್ಪಿಗೆ, ಕ್ರೆಡಿಟಿಗೆ ಒಪ್ಪಿಗೆಯಲ್ಲ» ಎಂಬ ಸಾಲು ಕಡ್ಡಾಯವಾಗಿ ಇರಬೇಕು.

ಅಂಗಡಿಯವರು ತಮ್ಮ ಗ್ರಾಹಕರಿಗೆ ಕೊಡಬೇಕಾದ ಪರಿಹಾರವನ್ನು ನಮ್ಮ ತಪಾಸಣೆ ಮುಗಿಯುವವರೆಗೆ ಮುಂದೂಡುವಂತೆ ನಮ್ಮ ಕಡೆಯಿಂದ ಯಾರೂ ಹೇಳಬಾರದು. ದೋಷವಿರುವ ಸರಕನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ಹಿಂತೆಗೆದುಕೊಳ್ಳಲು ನಿರಾಕರಿಸುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿಯಾಗುತ್ತದೆ. ನಮ್ಮ ಒಳಗಿನ ದಿನಗಳ ಲೆಕ್ಕಕ್ಕೂ ಆ ಗ್ರಾಹಕರಿಗೂ ಸಂಬಂಧವಿಲ್ಲ.

3. ಗೇಟಿನಲ್ಲಿ

ಸಂಖ್ಯೆ ಇಲ್ಲದ ಸರಕನ್ನು ಗೇಟಿನಲ್ಲಿ ಸ್ವೀಕರಿಸುವಂತಿಲ್ಲ. ಆದರೆ ಕಾರವಾರದಿಂದ ಬಂದ ಲಾರಿಯನ್ನು ಹಾಗೆಯೇ ಹಿಂದಕ್ಕೆ ಕಳಿಸುವುದು ಯಾರಿಗೂ ಲಾಭವಲ್ಲ. ಅಂಥ ಪೆಟ್ಟಿಗೆಗಳನ್ನು «ಗುರುತಿಲ್ಲದ ಸರಕು» ಪುಸ್ತಕದಲ್ಲಿ ದಾಖಲಿಸಿ, ಎರಡು ದಿನದೊಳಗೆ ಡೀಲರಿಂದ ಕೋರಿಕೆ ತರಿಸಿಕೊಳ್ಳುವ ಹೊಣೆ ಮಾರಾಟ ವಿಭಾಗದ್ದು.

ಸ್ವೀಕರಿಸುವವರು ಪೆಟ್ಟಿಗೆಯ ಮೇಲಿನ ಸೀರಿಯಲ್ ನಂಬರನ್ನೂ ಯಂತ್ರದ ತಳದ ನಂಬರನ್ನೂ ಎರಡನ್ನೂ ಓದಿ ತಾಳೆ ನೋಡಬೇಕು. ಹೊಸ ಪೆಟ್ಟಿಗೆಯೊಳಗೆ ಹಳೆಯ ಯಂತ್ರ ಬಂದ ಉದಾಹರಣೆಗಳು ನಮ್ಮಲ್ಲಿ ಇವೆ. ಹೆಚ್ಚಿನವು ಅಂಗಡಿಯ ಗಡಿಬಿಡಿಯಲ್ಲಿ ಆದ ಅದಲುಬದಲು, ಮೋಸವಲ್ಲ. ಆದರೂ ನಂಬರ್ ತಾಳೆಯಾಗದ ಯಂತ್ರ ತಪಾಸಣೆಗೆ ಹೋಗುವುದಿಲ್ಲ. ತಾಳೆಯಾದದ್ದಕ್ಕೆ ಹಳದಿ ಚೀಟಿ ಕಟ್ಟಿ, ಕಂಪ್ಯೂಟರಿನಲ್ಲಿ `HOLD-INSP` ಎಂದು ನಮೂದಿಸಿ, ಬೀಗವಿರುವ ಜಾಲರಿ ಕೋಣೆಯಲ್ಲಿ ಇಡಬೇಕು. ಈ ಸ್ಥಿತಿಯಲ್ಲಿರುವ ಸರಕು ಮಾರಾಟದ ಪಟ್ಟಿಯಲ್ಲಿ ಕಾಣಕೂಡದು.

4. ತಪಾಸಣೆ

ಸರಕು ಬಂದ ಮೂರು ಕೆಲಸದ ದಿನದೊಳಗೆ ತಪಾಸಣೆ ಮುಗಿಯಬೇಕು. ಅನುಕ್ರಮವನ್ನು ಬದಲಿಸುವಂತಿಲ್ಲ: ಮೊದಲು ಕಣ್ಣಿನಿಂದ ನೋಡುವುದು, ಆಮೇಲೆ ಮೂಸುವುದು, ಆಮೇಲೆ 500 ವೋಲ್ಟ್ ಮೆಗ್ಗರ್‌ನಿಂದ ಇನ್ಸುಲೇಶನ್ ಅಳೆಯುವುದು, ಕೊನೆಗೆ ಮಾತ್ರ ವಿದ್ಯುತ್ ಕೊಟ್ಟು ಓಡಿಸುವುದು. ಮೆಗ್ಗರ್ ಓದು 2 ಮೆಗಾಓಮ್‌ಗಿಂತ ಕಡಿಮೆ ಬಂದ ಯಂತ್ರಕ್ಕೆ ಪ್ಲಗ್ ಹಾಕುವಂತಿಲ್ಲ. ನೀರು ಹೊಕ್ಕ ಮೋಟರನ್ನು ಅವಸರದಲ್ಲಿ ಓಡಿಸಿ ನೋಡುವುದು ತಪಾಸಣೆಯಲ್ಲ, ಅಪಾಯ.

ಮೂಸುವುದು ಎಂಬುದನ್ನು ಹಾಸ್ಯವಾಗಿ ತೆಗೆದುಕೊಳ್ಳಬಾರದು. ಸುಟ್ಟ ವೈಂಡಿಂಗಿನ ವಾಸನೆ ಗಾಳಿ ಕಿಂಡಿಯ ಬಳಿ ವಾರಗಳವರೆಗೆ ಉಳಿಯುತ್ತದೆ, ಅದು ಯಾವ ಫೋಟೋದಲ್ಲೂ ಬರುವುದಿಲ್ಲ. ಜಾರಿನ ರಬ್ಬರ್ ವಾಷರಿಗೆ ಅಂಟಿದ ಅರಿಶಿನದ ಹಳದಿ, ಬ್ಲೇಡಿನ ಬುಡದಲ್ಲಿ ಒಣಗಿದ ಹಿಟ್ಟು, ಕಪ್ಲರಿನ ಸುತ್ತ ಕುಳಿತ ತೆಂಗಿನ ತುರಿ, ಇವು ಯಂತ್ರ ಬಳಕೆಯಾಗಿದೆ ಎಂಬುದಕ್ಕೆ ಡೀಲರಿನ ಮಾತಿಗಿಂತ ಗಟ್ಟಿಯಾದ ಸಾಕ್ಷಿ. ಕಂಡದ್ದನ್ನು ಕಂಡಂತೆ ಬರೆಯಬೇಕು. «ಕೆಟ್ಟಿದೆ» ಎಂದು ಬರೆದ ವರದಿಯನ್ನು ಖರೀದಿ ವಿಭಾಗ ಹಿಂದಿರುಗಿಸಬೇಕು.

ಒಂದು ಪ್ರಕರಣವನ್ನು ಇಲ್ಲಿ ವಿವರವಾಗಿ ಕೊಡಲಾಗಿದೆ, ಏಕೆಂದರೆ ನಿಯಮಗಳಿಗಿಂತ ಇದು ಹೆಚ್ಚು ತಿಳಿಸುತ್ತದೆ. ಮೇ ತಿಂಗಳಲ್ಲಿ ಶಿರಸಿಯ ಅಂಗಡಿಯೊಂದರಿಂದ 750 ವ್ಯಾಟಿನ 11 ಮಿಕ್ಸರ್‌ಗಳು ವಾಪಸು ಬಂದವು. ಎಲ್ಲದಕ್ಕೂ ಕೊಟ್ಟ ಕಾರಣ ಒಂದೇ, ಓಡುತ್ತಿಲ್ಲ. ಎರಡರಲ್ಲಿ ಜಾರು ಸರಿಯಾಗಿ ಕೂತಿರದೆ ಲಾಕ್ ಸ್ವಿಚ್ ಒತ್ತಿಕೊಂಡಿರಲಿಲ್ಲ. ಕೌಂಟರಿನ ಮೇಲೆ ತೋರಿಸಲು ಸೀಲು ಬಿಚ್ಚಿದ್ದರೇ ಹೊರತು ಜಾರಿಗೆ ನೀರು ತಾಗಿರಲಿಲ್ಲ, ಆದ್ದರಿಂದ ಅವು ಸ್ಟಾಕಿಗೆ ಮರಳಿದವು. ಇನ್ನೆರಡರಲ್ಲಿ ತಳದ ಕೆಂಪು ಓವರ್‌ಲೋಡ್ ಗುಂಡಿ ಹೊರಬಂದಿತ್ತು, ಒತ್ತಿದ ಕೂಡಲೇ ಓಡಿದವು. ಆದರೆ ಜಾರಿನಲ್ಲಿ ಮಸಾಲೆಯ ಕಲೆ ಇತ್ತು, ಹಾಗಾಗಿ ದೋಷವಿಲ್ಲ ಎಂಬ ಟಿಪ್ಪಣಿಯೊಂದಿಗೆ ಅಂಗಡಿಗೇ ಹಿಂದಕ್ಕೆ ಹೋದವು. ಒಂದರ ಕಾರ್ಬನ್ ಬ್ರಶ್ ಸವೆದಿತ್ತು, ರಿಪೇರಿಯಾಯಿತು. ಒಂದರ ಮೋಟರಿಗೆ ನೀರು ಹೊಕ್ಕು ತುಕ್ಕು ಹಿಡಿದಿತ್ತು, ಅದನ್ನು ಕೈಬಿಡಲಾಯಿತು. ಉಳಿದ ಐದರಲ್ಲಿ ಕಪ್ಲರ್ ಒಂದೇ ಜಾಗದಲ್ಲಿ ಬಿರಿದಿತ್ತು ಮತ್ತು ಐದೂ ಒಂದೇ ಬ್ಯಾಚಿನವು. ಫೋನಿನಲ್ಲೇ ತೀರ್ಮಾನಿಸಿದ್ದರೆ ಹನ್ನೊಂದಕ್ಕೂ ಕ್ರೆಡಿಟ್ ಕೊಟ್ಟು, ಬ್ಯಾಚಿನ ದೋಷವನ್ನು ಗಮನಿಸದೆಯೇ ಬಿಡುತ್ತಿದ್ದೆವು.

5. ಸ್ಟಾಕಿಗೆ ಮರಳಿಸುವುದು: `RESTOCK`

ಬಳಕೆಯಾಗದ, ಎಲ್ಲ ಬಿಡಿಭಾಗಗಳೂ ವಾರಂಟಿ ಚೀಟಿಯೂ ಇರುವ, ಪರೀಕ್ಷೆಯಲ್ಲಿ ತೇರ್ಗಡೆಯಾದ ಯಂತ್ರ ಮಾತ್ರ ಹೊಸ ಸರಕಾಗಿ ಮರಳಬಹುದು. ಪೆಟ್ಟಿಗೆ ಹರಿದಿದ್ದರೆ ಹೊಸ ಪೆಟ್ಟಿಗೆ ಹಾಕಬಹುದು, ಆದರೆ ಹೊರಗಿನ ನಂಬರ್ ಒಳಗಿನದಕ್ಕೆ ತಾಳೆಯಾಗಲೇಬೇಕು. ಒಮ್ಮೆ ಅಡುಗೆಮನೆ ಕಂಡ ಜಾರನ್ನು ಎಷ್ಟು ತೊಳೆದರೂ ಅದು ಹೊಸದಾಗುವುದಿಲ್ಲ, ಈ ವಿಷಯದಲ್ಲಿ ಮೇಲ್ವಿಚಾರಕರಿಗೂ ವಿನಾಯಿತಿ ಕೊಡುವ ಅಧಿಕಾರವಿಲ್ಲ.

6. ರಿಪೇರಿ: `REPAIR`

ಬಿಡಿಭಾಗ ಮತ್ತು ಕೂಲಿ ಸೇರಿ ಖರ್ಚು ಖರೀದಿ ಬೆಲೆಯ 35 ಶೇಕಡಾ ಮೀರದಿದ್ದರೆ ರಿಪೇರಿ. ಹೊರಗಿನ ಕಾರ್ಯಾಗಾರಕ್ಕೆ ಕಳಿಸುವಾಗ ಡೆಲಿವರಿ ಚಲನ್ ಮೂರು ಪ್ರತಿಗಳಲ್ಲಿರಬೇಕು. ಕಳಿಸುವ ಸರಕಿನ ಮೌಲ್ಯ 50,000 ರೂಪಾಯಿ ಮೀರಿದರೆ ಇ-ವೇ ಬಿಲ್ ಅಗತ್ಯವೇ ಎಂದು ಲೆಕ್ಕಪತ್ರ ವಿಭಾಗವನ್ನು ಕೇಳಿಯೇ ವಾಹನ ಹೊರಡಿಸಬೇಕು. ರಿಪೇರಿಯಾದ ಯಂತ್ರ ಮತ್ತೆ ನಾಲ್ಕನೇ ವಿಭಾಗದ ಪೂರ್ತಿ ತಪಾಸಣೆಗೆ ಒಳಪಡುತ್ತದೆ ಮತ್ತು «ರಿಪೇರಿಯಾದದ್ದು» ಎಂಬ ಗುರುತಿನೊಂದಿಗೇ ಮಾರಾಟವಾಗುತ್ತದೆ.

7. ಸರಬರಾಜುದಾರರ ಮೇಲೆ ಕ್ಲೇಮು: `CLAIM`

ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದ ತಂತ್ರಜ್ಞರಿಗೆ ಬಿಚ್ಚಿ ಸರಿಮಾಡುವ ಆಸೆ ಆಗುವುದು ಸಹಜ. ಆದರೆ ತಯಾರಿಕೆಯ ದೋಷವೆಂದು ಅನುಮಾನ ಬಂದ ಕ್ಷಣವೇ ಕೈ ನಿಲ್ಲಿಸಬೇಕು. ತಳದ ಸೀಲು ಮುರಿದ ಯಂತ್ರವನ್ನು ತೋರಿಸಿ «ನಿಮ್ಮ ದೋಷ» ಎಂದರೆ ಯಾವ ಸರಬರಾಜುದಾರರೂ ಒಪ್ಪುವುದಿಲ್ಲ. ಕಳೆದ ವರ್ಷ ಒಬ್ಬ ಸರಬರಾಜುದಾರರು ಇದೇ ಕಾರಣಕ್ಕೆ ನಮ್ಮ ಇಡೀ ಕ್ಲೇಮನ್ನು ತಿರಸ್ಕರಿಸಿದರು, ಅವರ ವಾದ ತಪ್ಪಾಗಿತ್ತು ಎಂದು ಹೇಳಲೂ ನಮಗೆ ಆಗಲಿಲ್ಲ.

ರೇಟಿಂಗ್ ಪ್ಲೇಟ್, ಸೀಲು ಮತ್ತು ದೋಷದ ಜಾಗದ ಫೋಟೋ, ಮೆಗ್ಗರ್ ಓದು, ಓಡಿಸಲು ಸುರಕ್ಷಿತವಾಗಿದ್ದರೆ 30 ಸೆಕೆಂಡಿನ ವಿಡಿಯೋ, ಇವೆಲ್ಲ ತಪಾಸಣೆಯ ದಿನವೇ ಕಡತಕ್ಕೆ ಸೇರಬೇಕು. ದೋಷ ಕಂಡ 30 ದಿನದೊಳಗೆ ತಿಳಿಸಬೇಕೆಂದು ನಮ್ಮ ಖರೀದಿ ಒಪ್ಪಂದಗಳಲ್ಲಿ ಇದೆ. ಆ ಎಣಿಕೆ ತಪಾಸಣೆಯ ದಿನಾಂಕದಿಂದ ಶುರುವಾಗುವುದರಿಂದ, ದಿನಾಂಕವನ್ನು ಹಿಂದುಮುಂದು ಮಾಡಿ ಬರೆಯುವುದನ್ನು ಶಿಸ್ತಿನ ಉಲ್ಲಂಘನೆಯೆಂದು ಪರಿಗಣಿಸಲಾಗುವುದು. ಒಂದೇ ಬ್ಯಾಚಿನ ಮೂರು ಯಂತ್ರಗಳಲ್ಲಿ ಒಂದೇ ದೋಷ ಕಂಡರೆ, ಗೋದಾಮಿನಲ್ಲಿ ಉಳಿದಿರುವ ಆ ಬ್ಯಾಚಿನ ಎಲ್ಲ ಸರಕನ್ನೂ ಅದೇ ದಿನ ಮಾರಾಟದಿಂದ ತಡೆಹಿಡಿಯಬೇಕು.

ನಾವು ಕಳಿಸುವ ಡೆಬಿಟ್ ನೋಟ್ ವ್ಯಾಪಾರದ ಬೇಡಿಕೆ ಮಾತ್ರ. ಜಿಎಸ್‌ಟಿ ಲೆಕ್ಕಕ್ಕೆ ಬೇಕಾದ ಕ್ರೆಡಿಟ್ ನೋಟ್‌ ಅನ್ನು ಸಿಜಿಎಸ್‌ಟಿ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ಸರಬರಾಜುದಾರರೇ ಕೊಡಬೇಕು. ಆ ಕ್ರೆಡಿಟ್ ನೋಟ್‌ ಅನ್ನು ಆಯಾ ಹಣಕಾಸು ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ರಿಟರ್ನ್ ಸಲ್ಲಿಸಿದ ದಿನ, ಇವುಗಳಲ್ಲಿ ಮೊದಲು ಬರುವುದರೊಳಗೆ ಅವರು ತಮ್ಮ ರಿಟರ್ನಿನಲ್ಲಿ ತೋರಿಸಬೇಕಾಗುತ್ತದೆ. ಆದ್ದರಿಂದ ಖರೀದಿ ವಿಭಾಗ ಪ್ರತಿ ಸೆಪ್ಟೆಂಬರ್ ಮೊದಲ ವಾರ ಬಾಕಿ ಕ್ಲೇಮುಗಳ ಪಟ್ಟಿಯನ್ನು ಲೆಕ್ಕಪತ್ರ ವಿಭಾಗಕ್ಕೆ ಕೊಡಬೇಕು.

8. ಲೆಕ್ಕದಿಂದ ಕೈಬಿಡುವುದು: `WRITEOFF`

ಸುರಕ್ಷತೆಯ ಪರೀಕ್ಷೆಯಲ್ಲಿ ಸೋತು ರಿಪೇರಿಗೂ ಕ್ಲೇಮಿಗೂ ಒಳಪಡದ, ಅಥವಾ ರಿಪೇರಿ ಖರ್ಚಿನ ಮಿತಿ ಮೀರಿ ಕ್ಲೇಮಿಗೆ ಆಧಾರವಿಲ್ಲದ ಯಂತ್ರ ಇಲ್ಲಿಗೆ ಬರುತ್ತದೆ. ಒಂದು ಅನುಮತಿ ಸಂಖ್ಯೆಯಡಿ 5,000 ರೂಪಾಯಿವರೆಗೆ ಗೋದಾಮಿನ ವ್ಯವಸ್ಥಾಪಕರು, 25,000ದವರೆಗೆ ಶಾಖಾ ವ್ಯವಸ್ಥಾಪಕರು, ಅದಕ್ಕೂ ಮೇಲೆ ಮಾಲೀಕರು ಸಹಿ ಮಾಡಬೇಕು. ತಪಾಸಣೆ ಮಾಡಿದವರೇ ಕೈಬಿಡಲು ಸಹಿ ಮಾಡುವಂತಿಲ್ಲ. ಕೈಬಿಟ್ಟ ಸರಕಿನ ಮೇಲೆ ಪಡೆದ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟನ್ನು 17(5)(h) ಪ್ರಕಾರ ಹಿಂತಿರುಗಿಸಬೇಕಾಗಿರುವುದರಿಂದ, ಸಹಿಯಾದ ಹಾಳೆ ಅದೇ ತಿಂಗಳು ಲೆಕ್ಕಪತ್ರ ವಿಭಾಗಕ್ಕೆ ತಲುಪಬೇಕು.

ಆಮೇಲೆ ವಯರನ್ನು ಬುಡದಲ್ಲೇ ಕತ್ತರಿಸಿ, ರೇಟಿಂಗ್ ಪ್ಲೇಟನ್ನು ಓದಲಾಗದಂತೆ ಮಾಡಿ, ಯಂತ್ರವನ್ನು ನೋಂದಾಯಿತ ಇ-ತ್ಯಾಜ್ಯ ಮರುಬಳಕೆದಾರರಿಗೆ ತೂಕದ ಚೀಟಿ ಪಡೆದು ಕೊಡಬೇಕು. ಗುಜರಿಗೆ ಮಾರುವಂತಿಲ್ಲ. ಗುಜರಿಗೆ ಹೋದ ಯಂತ್ರವೇ ಸಂತೆಯಲ್ಲಿ ಹೊಸ ವಯರ್ ಹಾಕಿಸಿಕೊಂಡು ನಮ್ಮ ಸೀರಿಯಲ್ ನಂಬರಿನೊಂದಿಗೆ ಕಾಣಿಸಿಕೊಂಡರೆ, ಯಾರಿಗಾದರೂ ಶಾಕ್ ಹೊಡೆದ ದಿನ ಉತ್ತರ ಕೊಡಬೇಕಾದವರು ನಾವು.

9. ಡೀಲರಿಗೆ ಉತ್ತರ, ದಾಖಲೆ, ಹಳೆಯ ಬಾಕಿ

ಫಲಿತಾಂಶ ನಮೂದಾದ ಎರಡು ಕೆಲಸದ ದಿನದೊಳಗೆ ಡೀಲರಿಗೆ ಕ್ರೆಡಿಟ್ ನೋಟ್, ಬದಲಿ ಸರಕು ಅಥವಾ ಕಾರಣಸಹಿತ ನಿರಾಕರಣೆ ತಲುಪಬೇಕು. ತಯಾರಿಕೆಯ ದೋಷ ಸಾಬೀತಾದ ಪ್ರಕರಣದಲ್ಲಿ ಸರಬರಾಜುದಾರರ ಒಪ್ಪಿಗೆಗಾಗಿ ಡೀಲರನ್ನು ಕಾಯಿಸುವಂತಿಲ್ಲ, ಆ ಕಾಯುವಿಕೆ ನಮ್ಮದು. ಡೀಲರ್ ಒಪ್ಪದಿದ್ದರೆ 7 ದಿನದೊಳಗೆ ಮರುತಪಾಸಣೆ ಕೇಳಬಹುದು. ಅದನ್ನು ಬೇರೆ ತಂತ್ರಜ್ಞರು, ಡೀಲರ್ ಬಯಸಿದರೆ ಅವರ ಎದುರಿನಲ್ಲೇ, ಮಾಡುತ್ತಾರೆ.

ತೆರಿಗೆಗೆ ಸಂಬಂಧಿಸಿದ ಕಾಗದಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಯ್ದಿಡಬೇಕು, ತಪಾಸಣೆಯ ಫೋಟೋಗಳನ್ನೂ ಅವುಗಳ ಜೊತೆಗೇ ಇಡಬೇಕು.

ಈಗ ಜಾಲರಿ ಕೋಣೆಯ ಹಿಂದೆ ಚೀಟಿಯಿಲ್ಲದೆ ಕೂತಿರುವ 64 ಯಂತ್ರಗಳಿಗೂ ಇದೇ ವಿಧಾನ ಅನ್ವಯಿಸುತ್ತದೆ. ಅವುಗಳಿಗೆ 5 ಜುಲೈ ಒಳಗೆ ಸಂಖ್ಯೆ ಕೊಟ್ಟು, 31 ಜುಲೈ ಒಳಗೆ ತಪಾಸಣೆ ಮುಗಿಸಬೇಕು. ಈಗಾಗಲೇ ಕ್ರೆಡಿಟ್ ಕೊಟ್ಟಿರುವ ಯಂತ್ರಗಳಲ್ಲಿ ದೋಷವಿಲ್ಲವೆಂದು ಕಂಡುಬಂದರೂ ಡೀಲರಿಂದ ಹಣ ವಾಪಸು ಕೇಳಬಾರದು.