ಗಣಿತದ ಮೇಡಂ ಅವರಿಗೆ ಬೀಳ್ಕೊಡುಗೆಯ ಮಾತು

ಮಾನ್ಯ ಮುಖ್ಯೋಪಾಧ್ಯಾಯರೇ, ಸಹೋದ್ಯೋಗಿಗಳೇ, ಪೋಷಕರೇ, ಮಕ್ಕಳೇ, ಎಲ್ಲರಿಗೂ ನಮಸ್ಕಾರ.

ಮೇಡಂ ಜೊತೆ ಕೆಲಸ ಮಾಡಿ ಬೇರೆ ಊರುಗಳಿಗೆ ಹೋದ ಶಿಕ್ಷಕರೂ ಒಬ್ಬ ಹಳೆಯ ವಿದ್ಯಾರ್ಥಿನಿಯೂ ಇಂಗ್ಲಿಷಿನಲ್ಲಿ ಪತ್ರ ಬರೆದು ಕಳುಹಿಸಿದ್ದಾರೆ. ತೋಟದ ಕೆಲಸ ಬಿಟ್ಟು ಲೈನ್‌ಮನೆಗಳಿಂದ ಬಂದ ತಾಯಂದಿರಿಗೂ ಅವು ತಲುಪಬೇಕೆಂದು ಕನ್ನಡದಲ್ಲಿ ಹೇಳುತ್ತೇನೆ.

ಮೊದಲ ಪತ್ರ ನಮ್ಮಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದವರದು. "ನನ್ನ ಮೊದಲ ವರ್ಷ ಮೇಡಂ ಕೊನೆಯ ಬೆಂಚಿನಲ್ಲಿ ಕೂತು ನನ್ನ ಪಾಠ ಕೇಳಿದರು. ತಪ್ಪುಗಳನ್ನು ಚೀಟಿಯಲ್ಲಿ ಬರೆದು ಕೈಗಿಟ್ಟರು. ಸ್ಟಾಫ್ ರೂಮಿನಲ್ಲಿ ಆ ಬಗ್ಗೆ ಒಂದು ಮಾತೂ ಆಡಲಿಲ್ಲ." ಹೊಸಬರ ಮರ್ಯಾದೆ ಕಾಯುವುದು ಎಲ್ಲ ಹಿರಿಯರಿಗೂ ಬರುವುದಿಲ್ಲ.

ಎಲ್ಲ ಪತ್ರಗಳಲ್ಲೂ ಬಂದಿರುವುದು ಮಳೆಮಾಪಕ. ನಮ್ಮ ಕೊಡಗಿನಲ್ಲಿ ಬೆಳೆಗಾರರು ಮಳೆಯನ್ನು ಇಂಚು, ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ದಶಮಾಂಶ ಎಂದರೆ ಹೆದರುವ ಮಕ್ಕಳನ್ನು ಮೇಡಂ ಅಂಗಳಕ್ಕೆ ಕರೆದುಕೊಂಡು ಹೋದರು. ಅಳತೆಯ ಗಾಜನ್ನು ಕಣ್ಣಿನ ಮಟ್ಟಕ್ಕೆ ಹಿಡಿಸಿ, ನೀರಿನ ಅಂಚು ಯಾವ ಗೆರೆಗೆ ತಾಗಿದೆ ಎಂದು ಕೇಳಿದರು. ಮೂವತ್ತೈದು ಸೆಂಟು ಎಂದರೆ 0.35 ಇಂಚು, ಅದನ್ನು 25.4ರಿಂದ ಗುಣಿಸಿದರೆ ಮಿಲಿಮೀಟರ್. ಅಪ್ಪನ ತೋಟದ ಲೆಕ್ಕವೇ ತರಗತಿಯ ಲೆಕ್ಕವಾಯಿತು. ಅಂದಾಜಿಗೆ ಬರೆದವನನ್ನು ಬೈಯಲಿಲ್ಲ, ಛತ್ರಿ ಕೊಟ್ಟು ಮತ್ತೆ ನೋಡಿ ಬಾ ಎಂದು ಕಳುಹಿಸಿದರು. ನೋಡದೆ ಬರೆಯಬಾರದು ಎಂಬುದನ್ನು ಈ ಶಾಲೆ ಕಲಿತದ್ದು ಅವರಿಂದ.

2018ರ ಆಗಸ್ಟ್ ಯಾರಿಗೆ ಮರೆತೀತು? ಮಕ್ಕಂದೂರು, ಕಾಲೂರು ಕಡೆ ಗುಡ್ಡಗಳು ಜರಿದಾಗ ನಮ್ಮ ಮಕ್ಕಳಲ್ಲಿ ಕೆಲವರು ಪರಿಹಾರ ಕೇಂದ್ರದಲ್ಲಿದ್ದರು. ಪುಸ್ತಕದ ಚೀಲವೂ ಉಳಿದಿರಲಿಲ್ಲ. ಮೇಡಂ ಹತ್ತನೇ ತರಗತಿಯ ನೋಟ್ಸ್ ಅನ್ನು ಕೈಯಲ್ಲೇ ಬರೆದು ಕೊಂಡೊಯ್ದು ಅಲ್ಲಿಯೇ ಪಾಠ ಮಾಡಿದರು. ಆಗ ಅಲ್ಲಿದ್ದ ಹುಡುಗಿಯೊಬ್ಬಳು ಈಗ ನರ್ಸ್. ಅವಳ ಪತ್ರದಲ್ಲಿ ಹೀಗಿದೆ: "ಮನೆ ಏನಾಯಿತೆಂದು ಎಲ್ಲರೂ ಕೇಳುತ್ತಿದ್ದರು. ಮೇಡಂ ಮಾತ್ರ, ತ್ರಿಕೋನಮಿತಿ ಎಲ್ಲಿಗೆ ಬಂದಿತ್ತು ಎಂದು ಕೇಳಿದರು. ಅಂದು ರಾತ್ರಿ ನಾನು ನಿದ್ದೆ ಮಾಡಿದೆ." ಇದನ್ನು ಕನ್ನಡಕ್ಕೆ ಬರೆಯುವಾಗ ನನ್ನ ಕಣ್ಣು ತುಂಬಿ ಬಂತು.

ಫಲಿತಾಂಶ, ಪ್ರಶಸ್ತಿಗಳ ವಿವರ ಮುಖ್ಯೋಪಾಧ್ಯಾಯರು ಹೇಳುತ್ತಾರೆ. ಹುತ್ತರಿಯ ಮರುದಿನ ಸ್ಟಾಫ್ ರೂಮಿಗೆ ಬರುತ್ತಿದ್ದ ತಂಬಿಟ್ಟಿನ ಡಬ್ಬಿಯನ್ನು ನಾನೇ ನೆನಪಿಸಬೇಕು. ಅಡುಗೆಯವರಿಗೂ ಆಯಾ ಅವರಿಗೂ ಕೊಟ್ಟ ಮೇಲೆಯೇ ಅದು ನಮ್ಮ ಕೈಗೆ ಸಿಗುತ್ತಿತ್ತು.

ಮೇಡಂ, ಮಳೆಯ ಪುಸ್ತಕವನ್ನು ಎಂಟನೇ ತರಗತಿಯವರಿಗೆ ಒಪ್ಪಿಸಿದ್ದೇವೆ. ತಿಂಗಳಿಗೊಮ್ಮೆ ಬಂದು ತಿದ್ದಿಕೊಡಿ; ಅವರು ಈಗಾಗಲೇ ನಿಮ್ಮ ಹೆಸರು ಹೇಳಿ ಒಬ್ಬರನ್ನೊಬ್ಬರು ಗದರಿಸುತ್ತಿದ್ದಾರೆ.

ಎಲ್ಲರೂ ಬೆಲ್ಲದ ಕಾಫಿಯ ಲೋಟ ಎತ್ತಿರಿ. ನಮ್ಮ ಮೇಡಂ ಅವರ ಆರೋಗ್ಯಕ್ಕೆ, ಅವರ ಮುಂದಿನ ದಿನಗಳ ನೆಮ್ಮದಿಗೆ!