ರಿಗರ್, ಏಜಿಂಗ್, ಮೃದುತನ: ಟೆಸ್ಟಿನ ಆರು ಪ್ರಶ್ನೆ, ಉತ್ತರದ ಜೊತೆಗೆ

ಕಳೆದ ವಾರದ ಟೆಸ್ಟಿನ ಪೇಪರುಗಳನ್ನು ನೋಡಿ ಮುಗಿಸಿದೆ. ಯಾರೂ ಓದಿಲ್ಲ ಅಂತ ಹೇಳಲ್ಲ, ಓದಿದ್ದೀರಿ. ಆದರೆ ಮಾಂಸ ಗಟ್ಟಿ ಅಂದ ಕೂಡಲೇ ಮೂರು ಬೇರೆ ಬೇರೆ ಕಾರಣಗಳನ್ನು ಒಂದೇ ಬಾಣಲೆಗೆ ಹಾಕಿ ತಿರುವಿದ್ದೀರಿ. ಸ್ನಾಯು ಕುಗ್ಗಿದ್ದು ಒಂದು, ಮಾಂಸವನ್ನು ತಣ್ಣಗೆ ಕೆಲವು ದಿನ ಇಟ್ಟು ಮೃದುವಾಗಲು ಬಿಡುವ ಏಜಿಂಗ್ ಸಾಲದೆ ಹೋದದ್ದು ಇನ್ನೊಂದು, ನಾರುಗಳನ್ನು ಕಟ್ಟಿ ಹಿಡಿಯುವ ಕೊಲಾಜೆನ್ ಜಾಸ್ತಿ ಇದ್ದದ್ದು ಮತ್ತೊಂದು. ಪ್ರತಿ ಪ್ರಶ್ನೆಯಲ್ಲೂ ಮೊದಲು ಹುಡುಕಬೇಕಾದ್ದು ಇದು ಇವುಗಳಲ್ಲಿ ಯಾವುದು ಅಂತ. ಸೆಮಿಸ್ಟರ್ ಪರೀಕ್ಷೆಗೆ ಮೊದಲು ಇದನ್ನೊಮ್ಮೆ ಓದಿ.

1. ಪ್ರಾಣಿ ಸತ್ತ ಮೇಲೆ ಸ್ನಾಯು ಯಾಕೆ ಸೆಟೆದುಕೊಳ್ಳುತ್ತದೆ? (5 ಅಂಕ)

"ಲ್ಯಾಕ್ಟಿಕ್ ಆಸಿಡ್ ತುಂಬಿಕೊಳ್ಳುವುದರಿಂದ" ಅಂತ ಅರ್ಧ ಕ್ಲಾಸು ಬರೆದಿದೆ. ತಪ್ಪು. ಈ ಸೆಟೆಯುವಿಕೆಗೇ ರಿಗರ್ ಅನ್ನುವುದು, ಅದು ಆಗುವುದು ಸ್ನಾಯುವಿಗೆ ಶಕ್ತಿ ಕೊಡುವ ಎಟಿಪಿ ಮುಗಿದು ಹೋಗುವುದರಿಂದ.

ರಕ್ತ ಹರಿಯುವುದು ನಿಂತರೆ ಆಮ್ಲಜನಕ ಇಲ್ಲ. ಆದರೂ ಸ್ನಾಯು ತಕ್ಷಣ ಸುಮ್ಮನಾಗುವುದಿಲ್ಲ, ಕೈಯಲ್ಲಿದ್ದ ಉಳಿತಾಯ ಖರ್ಚು ಮಾಡುತ್ತದೆ. ಮೊದಲು ಕ್ರಿಯಾಟಿನ್ ಫಾಸ್ಫೇಟ್, ಜೊತೆಗೆ ಗ್ಲೈಕೋಜನ್. ಗ್ಲೈಕೋಜನ್ ಆಮ್ಲಜನಕ ಇಲ್ಲದೆ ಒಡೆಯುವುದರಿಂದ ಲ್ಯಾಕ್ಟಿಕ್ ಆಸಿಡ್ ಸೇರುತ್ತದೆ, ಪಿಎಚ್ ಸುಮಾರು 7ರಿಂದ 5.5ರ ಹತ್ತಿರಕ್ಕೆ ಇಳಿಯುತ್ತದೆ. ಸ್ನಾಯು ಕುಗ್ಗುವುದು ಮಯೋಸಿನ್, ಆಕ್ಟಿನ್ ಎಂಬ ಎರಡು ಪ್ರೋಟೀನುಗಳು ಒಂದನ್ನೊಂದು ಹಿಡಿದು ಎಳೆಯುವುದರಿಂದ. ಮಯೋಸಿನ್ ತಲೆ ಆಕ್ಟಿನ್ನನ್ನು ಹಿಡಿದ ಮೇಲೆ ಬಿಡಬೇಕಾದರೆ ಎಟಿಪಿ ಬೇಕು. ಹಿಡಿಯೋದಕ್ಕಲ್ಲ, ಬಿಡೋದಕ್ಕೆ. ಎಟಿಪಿ ಮುಗಿದರೆ ಹಿಡಿತ ಬಿಡದೆ ಸ್ನಾಯು ಹಾಗೇ ಸೆಟೆದು ನಿಲ್ಲುತ್ತದೆ. ಈ ಒಂದು ಮಾತು ಬರೆದವರಿಗೆ ನಾನು ಕಣ್ಣುಮುಚ್ಚಿ 2 ಅಂಕ ಕೊಟ್ಟಿದ್ದೇನೆ.

ಸಮಯ ಕೇಳಿದರೆ: ಕೋಳಿಯಲ್ಲಿ ಅರ್ಧ ಗಂಟೆಯೊಳಗೆ ಶುರು, ಹಂದಿಯಲ್ಲಿ ಕಾಲು ಗಂಟೆಯಿಂದ 3 ಗಂಟೆ, ಕುರಿ ಮತ್ತು ದನದಲ್ಲಿ 6ರಿಂದ 12 ಗಂಟೆ.

2. ಬೆಳಿಗ್ಗೆ 6ಕ್ಕೆ ಕಡಿದ ಆಡಿನ ಮಾಂಸವನ್ನು ಚಿಕ್ಕ ತುಂಡು ಮಾಡಿಸಿ 7 ಗಂಟೆಗೆ ನೇರವಾಗಿ ಫ್ರೀಜರಿಗೆ ಹಾಕಲಾಯಿತು. ಮರುದಿನ ಹೊರಗಿಟ್ಟಾಗ ತುಂಬಾ ನೀರು ಬಿಟ್ಟಿತು, ಬೇಯಿಸಿದರೆ ರಬ್ಬರ್. ವಿವರಿಸಿ. (10 ಅಂಕ)

ಇದು ನಮ್ಮ ಅತ್ತೆ ಮನೆ ಕಥೆ, ಕಾಪುವಿನಲ್ಲಿ ನಡೆದದ್ದು. ಭಾನುವಾರ ನೆಂಟರು ಬರ್ತಾರೆ ಅಂತ ಶನಿವಾರವೇ 2 ಕೆಜಿ ತಂದಿದ್ದರು. ಪಾತ್ರೆಯಲ್ಲಿ ಕೆಂಪು ನೀರು ಒಂದು ಲೋಟದಷ್ಟು ನಿಂತಿತ್ತು, ತುಂಡುಗಳು ಮುದುಡಿ ದಪ್ಪಗಾಗಿದ್ದವು. ಸುಕ್ಕದ ಮಸಾಲೆ ಚೆನ್ನಾಗೇ ಇತ್ತು, ಆದರೆ ಮಾವ ಒಂದು ತುಂಡನ್ನು ಬಾಯಲ್ಲಿ ಆ ಕಡೆ ಈ ಕಡೆ ಮಾಡಿ ಕೊನೆಗೆ ಮೆಲ್ಲಗೆ ಬಾಳೆಎಲೆಯ ಅಂಚಿಗಿಟ್ಟರು. "ಅಂಗಡಿಯವ ಮುದಿ ಆಡು ಕೊಟ್ಟಿದ್ದಾನೆ" ಅಂತ ಎಲ್ಲರದೂ ಒಂದೇ ತೀರ್ಪು. ಪಾಪ, ಅವನ ತಪ್ಪೇನೂ ಇರಲಿಲ್ಲ ಅನ್ನೋದು ನನ್ನ ವಾದ.

ಒಂದು ಗಂಟೆಯ ಮಾಂಸದಲ್ಲಿ ಎಟಿಪಿ ಇನ್ನೂ ಇದೆ, ಪಿಎಚ್ 6ಕ್ಕಿಂತ ಮೇಲಿದೆ. ಆ ಸ್ಥಿತಿಯಲ್ಲಿ ಬಿಸಿ 10 ಡಿಗ್ರಿಗಿಂತ ಕೆಳಗೆ ಹೋದರೆ ಸ್ನಾಯು ಕೋಶದ ಕ್ಯಾಲ್ಸಿಯಂ ಉಗ್ರಾಣವಾದ ಸಾರ್ಕೋಪ್ಲಾಸ್ಮಿಕ್ ರೆಟಿಕ್ಯುಲಂ ಅದನ್ನು ಹಿಡಿದಿಟ್ಟುಕೊಳ್ಳಲಾರದೆ ಬಿಟ್ಟುಬಿಡುತ್ತದೆ. ಎಟಿಪಿಯೂ ಇದೆ, ಕುಗ್ಗಲು ಸೂಚನೆ ಕೊಡುವ ಕ್ಯಾಲ್ಸಿಯಂ ಕೂಡ ಬಂತು, ಅಂದಮೇಲೆ ಸ್ನಾಯು ಜೋರಾಗಿ ಕುಗ್ಗುತ್ತದೆ. ಇದು ಕೋಲ್ಡ್ ಶಾರ್ಟನಿಂಗ್. ಆಮೇಲೆ ಎಟಿಪಿ ಉಳಿದಿರುವಾಗಲೇ ಹೆಪ್ಪುಗಟ್ಟಿದರೆ, ಕರಗಿಸುವಾಗ ಕ್ಯಾಲ್ಸಿಯಂ ಒಮ್ಮೆಲೇ ಹೊರಬಂದು ಇನ್ನೂ ಕೆಟ್ಟದಾಗಿ ಕುಗ್ಗುತ್ತದೆ, ನೀರು ಸುರಿಯುತ್ತದೆ. ಇದು ಥಾ ರಿಗರ್. ಮೂಳೆಗೆ ಅಂಟಿಕೊಂಡಿದ್ದರೆ ಅದನ್ನು ಎಳೆದು ಹಿಡಿಯಲು ಏನಾದರೂ ಇರುತ್ತಿತ್ತು. ಕತ್ತರಿಸಿದ ತುಂಡಿಗೆ ಆ ಭಾಗ್ಯ ಇಲ್ಲ. ಎರಡನ್ನೂ ಬರೆಯಿರಿ, ಒಂದೇ ಬರೆದರೆ 6 ಅಂಕ.

1963ರಲ್ಲಿ ನ್ಯೂಜಿಲೆಂಡಿನ ಲಾಕರ್ ಮತ್ತು ಹ್ಯಾಗ್ಯಾರ್ಡ್ ದನದ ಸ್ನಾಯುವಿನಲ್ಲಿ ತೋರಿಸಿದ್ದು ನೆನಪಿರಲಿ: ಅತಿ ಕಡಿಮೆ ಕುಗ್ಗುವುದು 14ರಿಂದ 19 ಡಿಗ್ರಿಯಲ್ಲಿ, ಅದಕ್ಕಿಂತ ತಣ್ಣಗಾದರೂ ಬಿಸಿಯಾದರೂ ಜಾಸ್ತಿ ಕುಗ್ಗುತ್ತದೆ. ಸುಮಾರು 40% ಕುಗ್ಗಿದಾಗ ಅತಿ ಗಟ್ಟಿ.

ಪರಿಹಾರಕ್ಕೆ ಕೆಲವರು "10 ಗಂಟೆ ಹೊರಗಿಡಬೇಕು" ಅಂತ ಬರೆದಿದ್ದಾರೆ. ನಮ್ಮ ಮೇ ತಿಂಗಳ ಸೆಕೆಯಲ್ಲಾ? ಬ್ಯಾಕ್ಟೀರಿಯಾಗಳಿಗೇ ಔತಣ ಕೊಟ್ಟ ಹಾಗೆ. ಕಸಾಯಿಖಾನೆಯಲ್ಲಿ ನಿಯಮ ಏನಂದರೆ ಇಡೀ ಕಳೇಬರವನ್ನು ಮೊದಲ 10 ಗಂಟೆಯೊಳಗೆ 10 ಡಿಗ್ರಿಗಿಂತ ಕೆಳಗಿಳಿಸಬಾರದು, ಅಥವಾ ವಿದ್ಯುತ್ ಪ್ರಚೋದನೆ ಕೊಟ್ಟು ಗ್ಲೈಕೋಜನ್ ಬೇಗ ಖರ್ಚು ಮಾಡಿಸಿ ಆಮೇಲೆ ತಣ್ಣಗೆ ಮಾಡಬೇಕು. ಮನೆಯಲ್ಲಾದರೆ ಒಂದು ದಿನ ಫ್ರಿಜ್ಜಿನ ಕೆಳಭಾಗದಲ್ಲಿಟ್ಟು ಆಮೇಲೆ ಫ್ರೀಜರಿಗೆ. ಸ್ವಲ್ಪ ಕುಗ್ಗುವುದು ತಪ್ಪದು, ಆದರೆ ಥಾ ರಿಗರ್ ತಪ್ಪುತ್ತದೆ.

3. "ಏಜಿಂಗಿನಲ್ಲಿ ಆಕ್ಟಿನ್ ಮತ್ತು ಮಯೋಸಿನ್ ಬಿಟ್ಟುಕೊಳ್ಳುವುದರಿಂದ ಮಾಂಸ ಮೃದುವಾಗುತ್ತದೆ." ಸರಿಯೋ ತಪ್ಪೋ? (3 ಅಂಕ)

ತಪ್ಪು. ಆ ಹಿಡಿತ ಹಾಗೇ ಇರುತ್ತದೆ. ಸುತ್ತಲಿನ ಕಟ್ಟಡ ಸಡಿಲಾಗುತ್ತದೆ. ಕ್ಯಾಲ್ಪೇನ್ ಕಿಣ್ವಗಳು ಡೆಸ್ಮಿನ್, ಟೈಟಿನ್, ನೆಬ್ಯುಲಿನ್, ಟ್ರೋಪೋನಿನ್-ಟಿ ಎಂಬ ಪ್ರೋಟೀನುಗಳನ್ನು ಕತ್ತರಿಸುತ್ತವೆ, ನಾರಿನ ಒಂದೊಂದು ಘಟಕ ಕೂಡುವ ಝಡ್ ಡಿಸ್ಕಿನ ಹತ್ತಿರ ನಾರು ಸುಲಭವಾಗಿ ತುಂಡಾಗುತ್ತದೆ. ಇದಕ್ಕೆ ಬ್ರೇಕ್ ಹಾಕುವುದು ಕ್ಯಾಲ್ಪಾಸ್ಟಾಟಿನ್. ಡುಬ್ಬ ಇರುವ ನಮ್ಮ ದೇಶಿ ತಳಿ ದನಗಳಲ್ಲಿ ಅದು ಜಾಸ್ತಿ, ಅದಕ್ಕೇ ಅವುಗಳ ಮಾಂಸ ನಿಧಾನವಾಗಿ ಮೃದುವಾಗುತ್ತದೆ.

4. ಊರಿನ ಕೋಳಿ ಮತ್ತು ಬ್ರಾಯ್ಲರ್ ಎರಡನ್ನೂ ಒಂದು ದಿನ 4 ಡಿಗ್ರಿಯಲ್ಲಿಟ್ಟು ಒಂದೇ ಹೊತ್ತು ಬೇಯಿಸಿದರೂ ಊರಿನ ಕೋಳಿ ಯಾಕೆ ಗಟ್ಟಿ? (4 ಅಂಕ)

ಇಲ್ಲಿ ರಿಗರ್ ಎಳೆದು ತಂದವರಿಗೆ ಸೊನ್ನೆ. ಒಂದು ದಿನದಲ್ಲಿ ಎರಡರದೂ ರಿಗರ್ ಮುಗಿದಿದೆ. ಬ್ರಾಯ್ಲರ್ ಆರು ವಾರದ ಮರಿ, ಊರಿನ ಕೋಳಿ ತಿಂಗಳುಗಟ್ಟಲೆ ಅಂಗಳದಲ್ಲಿ ಓಡಾಡಿದ್ದು. ವಯಸ್ಸಾದಂತೆ ಕೊಲಾಜೆನ್ನಿನ ಅಡ್ಡಕೊಂಡಿಗಳು ಗಟ್ಟಿಯಾಗುತ್ತವೆ, ಏಜಿಂಗ್ ಅವನ್ನು ಹೆಚ್ಚೇನೂ ಮುಟ್ಟುವುದಿಲ್ಲ. ನೀರಿನಲ್ಲಿ ತುಂಬಾ ಹೊತ್ತು ಬೇಯಿಸಿದರೆ ಮಾತ್ರ ಜೆಲಾಟಿನ್ ಆಗುತ್ತದೆ. ಕೋರಿ ರೊಟ್ಟಿಯ ಸಾರಿಗೆ ಊರಿನ ಕೋಳಿಯೇ ಬೇಕು ಅನ್ನುವ ಅಜ್ಜಿಯಂದಿರು ಸಣ್ಣ ಉರಿಯಲ್ಲಿ ಗಂಟೆಗಟ್ಟಲೆ ಇಡುವುದು ಇದಕ್ಕೇ.

5. ಮಲ್ಪೆ ಬಂದರಿನಲ್ಲಿ ತಲೆ ಹಿಡಿದೆತ್ತಿದಾಗ ಬಾಗದೆ ನೆಟ್ಟಗಿರುವ ಬಂಗುಡೆ ಯಾವ ಹಂತದಲ್ಲಿದೆ? ಮೀನನ್ನೂ ಏಜಿಂಗಿಗೆ ಇಡಬೇಕೇ? (2 ಅಂಕ)

ರಿಗರಿನಲ್ಲಿದೆ, ತಾಜಾ ಅಂತ ಅರ್ಥ. ಮೃದುತನಕ್ಕಾಗಿ ಇಡಬೇಕಾಗಿಲ್ಲ, ಮೀನಿನಲ್ಲಿ ಕೊಲಾಜೆನ್ ಕಡಿಮೆ. ಬೇಗ ಐಸ್ ಹಾಕಿ, ಅಷ್ಟೇ.

6. ವಾರ್ನರ್-ಬ್ರಾಟ್ಜ್ಲರ್ ಯಂತ್ರದಲ್ಲಿ ಮಾಂಸ ಕತ್ತರಿಸಲು ಬೇಕಾದ ಬಲ (ಕೆಜಿ): 1ನೇ ದಿನ 6.4, 5.9, 6.8, 6.1, 6.3. 7ನೇ ದಿನ 4.2, 4.6, 4.1, 4.9, 4.2. ಎಷ್ಟು ಶೇಕಡಾ ಇಳಿಕೆ? (4 ಅಂಕ)

ಸರಾಸರಿ 6.3 ಮತ್ತು 4.4. ಇಳಿಕೆ 1.9, ಅಂದರೆ ಸುಮಾರು 30%. ಲೆಕ್ಕ ಎಲ್ಲರದೂ ಸರಿ. ಆದರೆ ಲ್ಯಾಬಿನಲ್ಲಿ ಇಬ್ಬರು 1.27 ಸೆಂಮೀ ವ್ಯಾಸದ ಉರುಟು ತುಂಡನ್ನು, ಅಂದರೆ ಕೋರನ್ನು, ನಾರಿಗೆ ಅಡ್ಡವಾಗಿ ತೆಗೆದಿದ್ದರು. ಕೋರ್ ನಾರಿನ ಉದ್ದಕ್ಕೆ ಇರಬೇಕು, ಬ್ಲೇಡು ನಾರನ್ನು ಅಡ್ಡ ಕತ್ತರಿಸಬೇಕು. ತಿರುಗುಮುರುಗಾದರೆ ಬ್ಲೇಡು ನಾರುಗಳ ನಡುವೆ ನುಗ್ಗಿಹೋಗುತ್ತದೆ, ಎಂಥ ಮಾಂಸವೂ ಮೃದು ಅಂತ ತೋರಿಸುತ್ತದೆ. ಆ ಇಬ್ಬರೂ ಶುಕ್ರವಾರ ಮಧ್ಯಾಹ್ನ ಲ್ಯಾಬಿಗೆ ಬನ್ನಿ, ಇನ್ನೊಂದು ಸಲ ಮಾಡೋಣ.